ಜಂಪರ್ ಹೊಲಿಗೆಯ ದರ ಏರಿಸಬೇಕಾಗಿದೆ: ಹಳೆಯ ಗಿರಾಕಿಗಳಿಗೆ ಹೇಗೆ ತಿಳಿಸುವುದು?

ಬೆಟಗೇರಿ ಹೊಲಿಗೆಯವಳು

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಜಂಪರ್, ಚೂಡಿದಾರ, ಸೀರೆಗೆ ಫಾಲ್-ಪಿಕೋ, ಇಷ್ಟೇ ಕೆಲಸ. ಅಳತೆ ತೆಗೆಯುವುದು, ಕತ್ತರಿಸುವುದು ನನ್ನದು. ಇಬ್ಬರು ಹೆಣ್ಣುಮಕ್ಕಳು ಯಂತ್ರದ ಮೇಲೆ ಕೂರುತ್ತಾರೆ. ಹುಕ್ಕು ಮತ್ತು ಹೆಮ್ಮಿಂಗ್ ಹಿಂದಿನ ಓಣಿಯ ಒಬ್ಬರ ಮನೆಗೆ ಹೋಗುತ್ತದೆ. ಅಸ್ತರ್ ಹಾಕಿದ ಜಂಪರಿಗೆ 300 ರೂಪಾಯಿ, ಅಸ್ತರ್ ಇಲ್ಲದ್ದಕ್ಕೆ 150. ಈ ದರವನ್ನು ಮೂರು ವರ್ಷದಿಂದ ಮುಟ್ಟಿಲ್ಲ.

ಈಗ ಮುಟ್ಟಲೇಬೇಕು. ಇಬ್ಬರು ಹೊಲಿಯುವವರಲ್ಲಿ ಒಬ್ಬಳಿಗೆ ಬೇರೆ ಕಡೆ ಒಂದು ಅಸ್ತರ್ ಜಂಪರಿಗೆ 150 ಕೊಡುತ್ತೇವೆಂದು ಕರೆ ಬಂದಿದೆ. ನಾನು ಕೊಡುವುದು 120. ಅವಳು ಹೋದರೆ ಪಂಚಮಿಯ ಕೆಲಸ ನನ್ನಿಂದ ಆಗುವುದಿಲ್ಲ. ಅವಳಿಗೆ ಏರಿಸಿದರೆ ಇನ್ನೊಬ್ಬಳಿಗೂ ಏರಿಸಬೇಕು, ಅದು ನ್ಯಾಯವೂ ಹೌದು. ಅಸ್ತರ್ ಬಟ್ಟೆ, ಬಾಡಿಗೆ ಇವೂ ಮೇಲೆ ಹೋಗಿವೆ.

ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಹಳಬರು. ಅವರ ಮಗಳ ಅಳತೆಯೂ ಸೊಸೆಯ ಅಳತೆಯೂ ನನ್ನ ಪುಸ್ತಕದಲ್ಲಿವೆ. ಅವರಿಗೆ ಹೇಳುವುದೇ ನನಗೆ ಕಷ್ಟವಾಗಿದೆ. ಒಂದು ಫಲಕ ಬರೆದಿದ್ದೇನೆ, ನೋಡಿ:

"ಗ್ರಾಹಕ ಬಂಧುಗಳಲ್ಲಿ ವಿನಂತಿ. ಅನಿವಾರ್ಯ ಕಾರಣಗಳಿಂದ ನಮ್ಮಲ್ಲಿ ಹೊಲಿಗೆ ದರವನ್ನು ಅಲ್ಪ ಪ್ರಮಾಣದಲ್ಲಿ ಪರಿಷ್ಕರಿಸಲಾಗಿದೆ. ಎಂದಿನಂತೆ ಸಹಕರಿಸಬೇಕಾಗಿ ಪ್ರಾರ್ಥನೆ."

ಇದನ್ನು ದಸರೆಯ ಹೊತ್ತಿಗೆ ಹಾಕಬೇಕೆಂದಿದ್ದೇನೆ. ಆಗ ಗಿರಾಕಿ ಹೆಚ್ಚು, ಯಾರೂ ಹೆಚ್ಚು ಮಾತನಾಡುವುದಿಲ್ಲ. ನಿಮ್ಮ ಅಭಿಪ್ರಾಯ ತಿಳಿಸಿ.

ಮುಳಗುಂದ ನಾಕಾ

ಅಕ್ಕಾ, ನಾನು ನಿಮ್ಮ ಊರಿನವಳೇ, ನಿಮ್ಮ ಅಂಗಡಿಯ ಗಿರಾಕಿ ಅಲ್ಲ. ಶಾಲೆಯಲ್ಲಿ ಪಾಠ ಮಾಡುತ್ತೇನೆ, ವಾರಕ್ಕೆ ಆರು ದಿನ ಸೀರೆ, ಆದ್ದರಿಂದ ವರ್ಷದುದ್ದಕ್ಕೂ ಜಂಪರ್ ಹೊಲಿಸುವವಳು. ಗಿರಾಕಿಯಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಫಲಕದಿಂದ ನನಗೆ ಏನೂ ತಿಳಿಯುವುದಿಲ್ಲ. ಎಷ್ಟು ಏರಿತು, ಯಾವಾಗಿನಿಂದ ಏರಿತು, ನಾನು ಹೋದ ವಾರ ಕೊಟ್ಟ ಬಟ್ಟೆಗೆ ಯಾವ ದರ, ಒಂದಕ್ಕೂ ಉತ್ತರ ಇಲ್ಲ. "ಅಲ್ಪ" ಎಂದು ಬರೆದಿದ್ದೀರಿ. ಅದು ಅಲ್ಪವೋ ಅಲ್ಲವೋ ಎಂಬುದನ್ನು ದುಡ್ಡು ಕೊಡುವವರು ಹೇಳಬೇಕು.

ನನಗೆ ಸಿಟ್ಟು ಬರುವುದು ದರಕ್ಕಲ್ಲ. ಹಿಂದೊಮ್ಮೆ ಬೇರೊಂದು ಅಂಗಡಿಯಲ್ಲಿ ಬಟ್ಟೆ ಕೊಡುವಾಗ ಯಾರೂ ಏನೂ ಹೇಳಲಿಲ್ಲ. ಒಯ್ಯಲು ಹೋದಾಗ ಪ್ರತಿ ಜಂಪರಿಗೆ ಐವತ್ತು ರೂಪಾಯಿ ಹೆಚ್ಚು ಕೇಳಿದರು. ಚೀಲದಲ್ಲಿ ನಾಲ್ಕು ಜಂಪರ್ ಇದ್ದವು, ಹಿಂದೆ ಜನ ನಿಂತಿದ್ದರು. ಕೊಟ್ಟು ಬಂದೆ, ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ದುರ್ಗದಬೈಲಿನ ದರ್ಜಿ

ತಂಗೀ, ಹುಬ್ಬಳ್ಳಿಯಲ್ಲಿ ನಲವತ್ತು ವರ್ಷದಿಂದ ಈ ಕಸುಬಿನಲ್ಲಿದ್ದೇನೆ. ಮೊದಲು ಗಂಡಸರ ಶರ್ಟು-ಪ್ಯಾಂಟು, ಈಗ ಹೆಂಗಸರ ಬಟ್ಟೆಯೇ ಹೆಚ್ಚು. ಮಾಸ್ತರಮ್ಮ ಹೇಳಿದ್ದು ಸರಿ. ಆದರೆ ಫಲಕ ಬರೆಯುವ ಮೊದಲು ನಿಮ್ಮ ಲೆಕ್ಕ ನಿಮಗೆ ಸ್ಪಷ್ಟವಾಗಿರಲಿ. ಒಂದು ಅಸ್ತರ್ ಜಂಪರಿಗೆ ಮೊದಲು ಏನು ಖರ್ಚಿತ್ತು, ಈಗ ಏನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಿ. ಬಾಡಿಗೆ ಮತ್ತು ಕರೆಂಟನ್ನು ತಿಂಗಳಿಗೆ ಎಷ್ಟು ಪೀಸ್ ಹೊರಗೆ ಹೋಗುತ್ತವೋ ಅಷ್ಟರಿಂದ ಭಾಗಿಸಿ ಸೇರಿಸಿ. ಹೆಚ್ಚಿನವರು ಅದನ್ನೇ ಮರೆಯುತ್ತಾರೆ.

ದಸರೆಯಲ್ಲಿ ಏರಿಸುವ ವಿಚಾರ ಮಾತ್ರ ಬಿಡಿ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಬೆಟಗೇರಿ ಹೊಲಿಗೆಯವಳು

ಅಣ್ಣಾ, ರಾತ್ರಿ ಕುಳಿತು ಲೆಕ್ಕ ಹಾಕಿದೆ.

ಅಸ್ತರ್ ಜಂಪರಿಗೆ ಇಲ್ಲಿಯವರೆಗೆ: ಹೊಲಿಯುವವಳ ಮಜೂರಿ 120, ಹುಕ್ಕು-ಹೆಮ್ಮಿಂಗಿಗೆ 25, ಅಸ್ತರ್ ಬಟ್ಟೆಗೆ 55, ದಾರ-ಹುಕ್ಕು-ಕ್ಯಾನ್ವಾಸು ಎಲ್ಲ ಸೇರಿ 15, ಬಾಡಿಗೆ-ಕರೆಂಟು-ಯಂತ್ರದ ರಿಪೇರಿ ಪಾಲು 35. ಒಟ್ಟು 250. ನನಗೆ ಉಳಿಯುತ್ತಿದ್ದದ್ದು 50. ಅಳತೆ, ಕತ್ತರಿಕೆ, ಫಿಟಿಂಗ್ ಸರಿ ಇಲ್ಲವೆಂದು ವಾಪಸ್ ಬಂದದ್ದನ್ನು ಬಿಚ್ಚಿ ಹೊಲಿಯುವುದು, ಎಲ್ಲವೂ ಆ ಐವತ್ತರಲ್ಲೇ.

ಇನ್ನು ಮುಂದೆ: ಮಜೂರಿ 150, ಹುಕ್ಕು-ಹೆಮ್ಮಿಂಗ್ 30, ಅಸ್ತರ್ 65, ದಾರ ಇತ್ಯಾದಿ 18, ಬಾಡಿಗೆ ಇತ್ಯಾದಿ 40. ಒಟ್ಟು 303. ಅಂದರೆ ಹಳೆಯ ದರಕ್ಕೆ ಹೊಲಿದರೆ ಪ್ರತಿ ಜಂಪರಿಗೆ ಮೂರು ರೂಪಾಯಿ ನಾನೇ ಕೈಯಿಂದ ಹಾಕಬೇಕು. ಬರೆದು ನೋಡಿದ ಮೇಲೆ ನನಗೇ ಗಾಬರಿಯಾಯಿತು.

360 ಮಾಡಿದರೆ 57 ಉಳಿಯುತ್ತದೆ. ಗಿರಾಕಿ ಅರವತ್ತು ಹೆಚ್ಚು ಕೊಟ್ಟರೆ ಅದರಲ್ಲಿ ನನ್ನ ಕೈಗೆ ಬರುವುದು ಏಳು.

ಲೆಕ್ಕದ ಕಾಕಾ

ತಂಗೀ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು, ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ. ನಿಮ್ಮ ಖರ್ಚು ಏರಿದ್ದು 53 ರೂಪಾಯಿ. ಹಾಗಾದರೆ ದರ 353 ಆಗಬೇಕು, 350 ಎಂದು ಮಾಡಿ. 360 ಎಂದರೆ ಬೆಲೆ ಏರಿಕೆಯ ನೆಪದಲ್ಲಿ ಲಾಭವನ್ನೂ ಏರಿಸಿದಂತೆ.

ಇನ್ನೆರಡು ಮಾತು. 2025ರ ಸೆಪ್ಟೆಂಬರಿನಲ್ಲಿ ಹೊಲಿಗೆ ಯಂತ್ರ ಮತ್ತು ಕೃತಕ ನೂಲಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ದಾರದ ಖರ್ಚು ಇಳಿಯಬೇಕಿತ್ತು, ನಿಮ್ಮಲ್ಲಿ ಏರಿದ್ದು ಹೇಗೆ? ಗೃಹಜ್ಯೋತಿಯಲ್ಲಿ ಕರೆಂಟು ಉಚಿತವಾಗಿ ಬರುತ್ತಿರುವಾಗ ಅದನ್ನು ಖರ್ಚಿನಲ್ಲಿ ಸೇರಿಸಿದ್ದೂ ಸರಿಯಲ್ಲ.

ಬೆಟಗೇರಿ ಹೊಲಿಗೆಯವಳು

ಕಾಕಾ, ಗೃಹಜ್ಯೋತಿ ಮನೆಯ ಮೀಟರಿಗೆ ಮಾತ್ರ. ಅಂಗಡಿಯದು ವಾಣಿಜ್ಯ ಮೀಟರು, ಹೆಸ್ಕಾಂ ಬಿಲ್ಲು ತಿಂಗಳು ತಿಂಗಳು ಕಟ್ಟುತ್ತೇನೆ. ಇಸ್ತ್ರಿಪೆಟ್ಟಿಗೆಯೊಂದೇ ಸಾಕು ಬಿಲ್ಲು ಏರಿಸಲು. ಉಳಿದದ್ದಕ್ಕೆ ಅಣ್ಣಾವರು ಉತ್ತರಿಸಲಿ, ನನಗೆ ತೆರಿಗೆಯ ವಿಷಯ ಅಷ್ಟು ತಿಳಿಯದು.

ಧಾರವಾಡದ ಹುಡುಗ

ನನ್ನದೊಂದು ಸಲಹೆ. ಫಲಕದಲ್ಲಿ "ಜಿಎಸ್‌ಟಿ ಕಾರಣದಿಂದ" ಎಂದು ಬರೆದುಬಿಡಿ. ಸರ್ಕಾರದ ಹೆಸರು ಹೇಳಿದರೆ ಯಾರೂ ನಿಮ್ಮನ್ನು ಬೈಯುವುದಿಲ್ಲ. ಅದು ಬೇಡ ಎಂದಾದರೆ ಮೇಲಿನ ಲೆಕ್ಕವನ್ನೇ ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿ. ಪೂರ್ತಿ ಪಾರದರ್ಶಕ.

ದುರ್ಗದಬೈಲಿನ ದರ್ಜಿ

ತಮ್ಮಾ, ಎರಡೂ ಬೇಡ.

ಮೊದಲು ತೆರಿಗೆ. ಗಿರಾಕಿಯ ಬಟ್ಟೆಯನ್ನು ಹೊಲಿದು ಕೊಡುವುದು ಸೇವೆ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರುವ ಇಂತಹ ಅಂಗಡಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ಕೇಳುವಂತಿಲ್ಲ. ಕೇಳದೆ ಇರುವ ತೆರಿಗೆಯನ್ನು ಕಾರಣವೆಂದು ಬರೆದರೆ ಅದು ಸುಳ್ಳು. ಕಾಕಾನಂತಹ ಒಬ್ಬರು ಬಂದು ಬಿಲ್ಲು ತೋರಿಸಿ ಎಂದರೆ ತಂಗಿ ಏನು ತೋರಿಸಬೇಕು?

ಕಾಕಾ, ನೂಲಿನ ತೆರಿಗೆ ಇಳಿದದ್ದು ನಿಜ. ಆದರೆ ಒಂದು ಜಂಪರಿಗೆ ಹೋಗುವ ದಾರ ಎರಡು-ಮೂರು ರೂಪಾಯಿಯದು. ಅದರಲ್ಲಿ ಶೇ 7 ಇಳಿದರೆ ಪೈಸೆಗಳ ಲೆಕ್ಕ. ಆ ಹದಿನೆಂಟರಲ್ಲಿ ಹೆಚ್ಚಿನ ಪಾಲು ಹುಕ್ಕು, ಕ್ಯಾನ್ವಾಸು, ಪೈಪಿಂಗ್ ಡೋರಿಯದು. ಅಸ್ತರ್ ಹತ್ತಿ ಬಟ್ಟೆ, ಅದರ ತೆರಿಗೆ ಮೊದಲೂ ಶೇ 5, ಈಗಲೂ ಶೇ 5. ಅಂಗಡಿಯವರು ಮೀಟರಿಗೆ ಏರಿಸಿದ್ದಾರೆ ಅಷ್ಟೇ.

350 ಸಾಕು ಎಂಬ ನಿಮ್ಮ ಮಾತು ಅರ್ಧ ಸರಿ. ಖರ್ಚಿನ ಮಟ್ಟಿಗೆ ಲೆಕ್ಕ ಸರಿಯಾಗಿದೆ. ಆದರೆ ತಂಗಿಗೆ ಉಳಿಯುವ ಐವತ್ತು ಲಾಭವಲ್ಲ, ಅದು ಅವಳ ಕೂಲಿ. ಹೊಲಿಯುವವಳಿಗೆ ಮೂವತ್ತು ಏರಿಸಿ ಕತ್ತರಿಸುವವಳಿಗೆ ಮೂರು ಇಳಿಸಬೇಕೆ? 350 ಎಂದರೆ ಅವಳಿಗೆ 47 ಉಳಿಯುತ್ತದೆ. ಅವಳ ಮನೆಯ ಅಕ್ಕಿ-ಬೇಳೆಯೂ ಮೂರು ವರ್ಷ ಹಿಂದಿನ ದರದಲ್ಲಿ ನಿಂತಿಲ್ಲವಲ್ಲ.

ಪೂರ್ತಿ ಲೆಕ್ಕ ಗೋಡೆಗೆ ಅಂಟಿಸುವುದು ಏಕೆ ಬೇಡವೆಂದರೆ, ಪ್ರತಿ ಸಾಲಿನ ಮೇಲೂ ಚೌಕಾಸಿ ಶುರುವಾಗುತ್ತದೆ. "ಹುಕ್ಕು ನಾನೇ ಹಚ್ಚಿಕೊಳ್ಳುತ್ತೇನೆ, ಮೂವತ್ತು ಕಡಿಮೆ ಮಾಡಿ" ಎಂದು ಒಬ್ಬರು, "ನಿಮ್ಮ ಬಾಡಿಗೆಯನ್ನು ನಾವೇಕೆ ಕಟ್ಟಬೇಕು" ಎಂದು ಇನ್ನೊಬ್ಬರು. ಒಂದೇ ಕಾರಣ ಬರೆಯಿರಿ, ಅತ್ಯಂತ ದೊಡ್ಡದನ್ನು. ಏರಿಕೆಯ 53ರಲ್ಲಿ 35 ಹೋಗುವುದು ಹೊಲಿಯುವವರಿಗೆ ಮತ್ತು ಹುಕ್ಕು ಹಚ್ಚುವವರಿಗೆ. ಅದನ್ನು ಹೇಳಿದರೆ ಸಾಕು. ಯಾರಾದರೂ ಬಾಯಿಬಿಟ್ಟು ಕೇಳಿದರೆ ಉಳಿದ ಲೆಕ್ಕವನ್ನೂ ಮುಚ್ಚಿಡದೆ ಹೇಳಿ.

ಹಾವೇರಿ ಸೊಸೆ

ನನ್ನದೂ ಒಂದು ಪ್ರಶ್ನೆ. ಇಳಕಲ್ ಸೀರೆಗೆಂದು ಗುಳೇದಗುಡ್ಡದ ಖಣ ತಂದು ಹೊಲಿಯಲು ಕೊಟ್ಟಿದ್ದೆ. ಅಂಗಡಿಯವರು ತೋಳಿನಲ್ಲಿ ಅಂಚನ್ನು ತಲೆಕೆಳಗಾಗಿ ಇಟ್ಟು ಕತ್ತರಿಸಿದ್ದಾರೆ. ಹೊಲಿಗೆ ದುಡ್ಡನ್ನೂ ಪೂರ್ತಿ ತೆಗೆದುಕೊಂಡರು. ಇಂತಹವರೂ ದರ ಏರಿಸಬಹುದೇ? ಖಣದ ದುಡ್ಡು ಯಾರು ಕೊಡಬೇಕು?

ದುರ್ಗದಬೈಲಿನ ದರ್ಜಿ

ತಾಯೀ, ಇದು ಬೇರೆ ಮಾತು, ಆದರೂ ಹೇಳುತ್ತೇನೆ. ಖಣದ ಅಗಲ ಕಡಿಮೆ, ತುಂಡೂ ಚಿಕ್ಕದು. ಅಂಚನ್ನು ತೋಳಿಗೆ ತರಬೇಕಾದರೆ ಕತ್ತರಿ ಹಾಕುವ ಮೊದಲೇ ಎರಡೂ ತೋಳಿನ ತುಂಡು ಹಾಸಿ ನೋಡಬೇಕು. ನೋಡದೆ ಕತ್ತರಿಸಿದ್ದರೆ ತಪ್ಪು ಅಂಗಡಿಯದೇ. ಹೊಲಿಗೆ ದುಡ್ಡು ತೆಗೆದುಕೊಳ್ಳಬಾರದಿತ್ತು, ಖಣದ ದುಡ್ಡಿನಲ್ಲೂ ಕನಿಷ್ಠ ಅರ್ಧ ಕೊಡಬೇಕು. ಕೊಡುತ್ತಾರೋ ಇಲ್ಲವೋ ನನ್ನ ಕೈಯಲ್ಲಿಲ್ಲ. ಖಣ ಉಳಿದಿದ್ದರೆ ತೋಳು ಮಾತ್ರ ಬಿಚ್ಚಿ ಬೇರೆ ಹಾಕಿಸಬಹುದು.

ತಂಗೀ, ಈಗ ಸಮಯದ ವಿಷಯ. ದಸರೆಯಲ್ಲಿ ಏರಿಸಿದರೆ ಯಾರೂ ಮಾತನಾಡುವುದಿಲ್ಲ ಎಂದಿರಿ. ಮಾತನಾಡುವುದಿಲ್ಲ, ಏಕೆಂದರೆ ಹಬ್ಬ ತಲೆಯ ಮೇಲಿರುತ್ತದೆ, ಬೇರೆ ದರ್ಜಿಯ ಬಳಿ ಹೋಗಲು ಹೊತ್ತಿರುವುದಿಲ್ಲ. ಸಿಕ್ಕಿಬಿದ್ದ ಹೊತ್ತಿನಲ್ಲಿ ಕೇಳಿದರು ಎಂಬುದನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ನಾನು ಹುಡುಗನಾಗಿ ಕಾರಿಗರನಿದ್ದ ಅಂಗಡಿಯ ಮಾಲೀಕರು ದೀಪಾವಳಿಯ ವಾರದಲ್ಲಿ "ಇಂದಿನಿಂದ ಹೊಸ ದರ" ಎಂದು ಬರೆದು ನೇತುಹಾಕಿದರು. ಆ ಹಬ್ಬಕ್ಕೆ ಒಬ್ಬರೂ ತಪ್ಪಲಿಲ್ಲ. ಯುಗಾದಿಗೆ ಬರಬೇಕಾದವರು ಬರಲಿಲ್ಲ.

ಆಷಾಢದಲ್ಲಿ ಹೇಳಿ. ಆಗ ಮದುವೆ ಇಲ್ಲ, ಕೆಲಸ ಕಡಿಮೆ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಫಲಕ ಹಾಕಿ, ನಾಗರ ಅಮಾವಾಸ್ಯೆಯವರೆಗೆ ಹಳೆಯ ದರ, ಶ್ರಾವಣದ ಮೊದಲ ದಿನದಿಂದ ಹೊಸ ದರ. ಪೂರ್ತಿ ಒಂದು ತಿಂಗಳು ಸಿಗುತ್ತದೆ. ಹಳಬರು ಪಂಚಮಿಯ ಜಂಪರನ್ನು ಈಗಲೇ ತಂದು ಕೊಟ್ಟರೆ ಅವರಿಗೆ ಅರವತ್ತು ಉಳಿಯಿತು, ನಿಮ್ಮ ಯಂತ್ರವೂ ಖಾಲಿ ನಿಲ್ಲಲಿಲ್ಲ. ಹಳೆಯ ಗಿರಾಕಿಗೆ ಬೇರೆ ದರ, ಹೊಸಬರಿಗೆ ಬೇರೆ ದರ ಎಂದು ಗುಟ್ಟಾಗಿ ಮಾಡುವುದಕ್ಕಿಂತ ಇದು ಮೇಲು. ಗುಟ್ಟಿನ ದರ ಗುಟ್ಟಾಗಿ ಉಳಿಯುವುದಿಲ್ಲ. ಇಬ್ಬರು ಗೆಳತಿಯರು ಒಂದೇ ದಿನ ಚೀಟಿ ಹಿಡಿದು ಬಂದರೆ ಮುಗಿಯಿತು.

ಲೆಕ್ಕದ ಕಾಕಾ

47 ರೂಪಾಯಿಯ ಮಾತು ಒಪ್ಪಿದೆ. ಕೂಲಿ ಬೇರೆ, ಲಾಭ ಬೇರೆ ಎಂಬುದನ್ನು ನಾನೇ ಬೇರೆಯವರಿಗೆ ಹೇಳಿಕೊಡುತ್ತಿದ್ದೆ. ಆದರೂ 350 ಎಂಬ ಸಂಖ್ಯೆ ಗಿರಾಕಿಯ ಕಿವಿಗೆ ಹಿತ. ಚಿಲ್ಲರೆಯ ತೊಂದರೆಯೂ ಇಲ್ಲ.

ಆದರೆ ಒಂದು ತಿಂಗಳು ಮೊದಲೇ ಹೇಳುವುದು ಅಪಾಯ. ಊರಿನವರೆಲ್ಲ ಕಪಾಟಿನಲ್ಲಿದ್ದ ಜಂಪರ್ ಪೀಸ್ ತೆಗೆದುಕೊಂಡು ಬಂದು ಹಳೆಯ ದರಕ್ಕೆ ಕೊಟ್ಟರೆ? ಪ್ರತಿಯೊಂದಕ್ಕೂ ನಿಮಗೆ ನಷ್ಟ.

ಬೆಟಗೇರಿ ಹೊಲಿಗೆಯವಳು

ಕಾಕಾ ಕೇಳಿದ್ದು ನನ್ನ ತಲೆಯಲ್ಲೂ ಇದೆ. ನನ್ನಲ್ಲಿ ಇಬ್ಬರೂ ಸೇರಿ ದಿನಕ್ಕೆ ಎಂಟು ಅಸ್ತರ್ ಜಂಪರ್ ಹೊಲಿಯುತ್ತಾರೆ. ಆಷಾಢದಲ್ಲಿ ದಿನಕ್ಕೆ ನಾಲ್ಕು ಬಂದರೆ ಹೆಚ್ಚು. ಒಮ್ಮೆಗೇ ಇನ್ನೂರು ಪೀಸ್ ಬಂದು ಬಿದ್ದರೆ ಪಂಚಮಿಯೊಳಗೆ ಹೇಗೆ ಕೊಡಲಿ? ಹೊಲಿಯುವವಳು ಮಜೂರಿಯನ್ನು ಈಗಲೇ 150 ಕೇಳುತ್ತಾಳೆ, ಶ್ರಾವಣದವರೆಗೆ ಕಾಯುವುದಿಲ್ಲ.

ದುರ್ಗದಬೈಲಿನ ದರ್ಜಿ

ಈ ತಿಂಗಳ ನಷ್ಟ ನಿಜ, ಆದರೆ ಎಷ್ಟೆಂದು ನೋಡಿ. ಹಳೆಯ ದರದಲ್ಲಿ ಜಂಪರಿಗೆ ಮೂರು ರೂಪಾಯಿ ಕೈಯಿಂದ ಹೋಗುತ್ತದೆ ಎಂದಿರಿ. ಆ 303ರಲ್ಲಿ ಬಾಡಿಗೆಯ ಪಾಲು ನಲವತ್ತು ಇದೆಯಲ್ಲ, ಆ ಬಾಡಿಗೆಯನ್ನು ಯಂತ್ರ ಓಡಿದರೂ ನಿಂತರೂ ಕಟ್ಟುತ್ತೀರಿ. ಹಾಗಾಗಿ ಖಾಲಿ ಹೊತ್ತಿನಲ್ಲಿ ಬಂದ ಹೆಚ್ಚುವರಿ ಜಂಪರಿನಿಂದ ಮೂವತ್ತೇಳು ರೂಪಾಯಿ ಬಾಡಿಗೆಯ ಕಡೆಗೆ ಬಂದಂತೆಯೇ. ಮಾಮೂಲಿ ನಾಲ್ಕರ ಮೇಲೆ ಇನ್ನೂ ನಾಲ್ಕು ಬಂದರೆ ನಿಮಗೆ ಒಳ್ಳೆಯದೇ. ಎಂಟು ದಾಟಿದರೆ ತೊಂದರೆ.

ಎಂಟಕ್ಕೆ ನಿಲ್ಲಿಸುವುದು ಹೇಗೆಂದರೆ, ದರಕ್ಕೂ ತಲುಪಿಸುವ ದಿನಕ್ಕೂ ಗಂಟು ಹಾಕಬೇಡಿ. ಬಟ್ಟೆ, ಅಳತೆ, ಅರ್ಧ ಮುಂಗಡ ಈ ಮೂರೂ ನಾಗರ ಅಮಾವಾಸ್ಯೆಯೊಳಗೆ ಕೊಟ್ಟವರಿಗೆ ಹಳೆಯ ದರ. ಯಾವ ದಿನ ಸಿಗುತ್ತದೆ ಎಂಬುದು ಬಂದ ಸರತಿಯಂತೆ. ಪಂಚಮಿಗೆ ಬೇಕೆನ್ನುವವರು ಅದಕ್ಕೂ ಎರಡು ವಾರ ಮೊದಲು ಕೊಡಲಿ. ಮುಂಗಡ ಎಂದ ಕೂಡಲೇ ಕಪಾಟಿನ ಹಳೆಯ ಪೀಸುಗಳು ಕಪಾಟಿನಲ್ಲೇ ಉಳಿಯುತ್ತವೆ, ನೋಡುತ್ತಿರಿ.

ಚೀಟಿಯ ಮೇಲೆ ದರ ಬರೆಯಿರಿ. ಬಹಳ ಅಂಗಡಿಗಳಲ್ಲಿ ಅಳತೆ ಮತ್ತು ತಾರೀಖು ಮಾತ್ರ ಇರುತ್ತದೆ, ದರದ ಜಾಗ ಖಾಲಿ. ಮಾಸ್ತರಮ್ಮನಿಗೆ ಆದದ್ದು ಅದರಿಂದಲೇ. ಚೀಟಿಯಲ್ಲಿ 300 ಎಂದಿದ್ದರೆ ಅವರು ಶ್ರಾವಣ ಮುಗಿದ ಮೇಲೆ ಬಂದು ಒಯ್ದರೂ 300.

ಮುಳಗುಂದ ನಾಕಾ

ಸರತಿಯ ಮಾತು ನನಗೆ ಹಿಡಿಸಿತು. ಇನ್ನೊಂದು ಸಂಗತಿ. ದರ ಏರಿಸದೆ ಒಳಗೊಳಗೆ ಕಡಿತ ಮಾಡುವ ಅಂಗಡಿಗಳನ್ನೂ ನೋಡಿದ್ದೇನೆ. ನನ್ನ ಒಂದು ಜಂಪರ್ ಮೊದಲ ಸಲ ಒಗೆದಾಗಲೇ ಮುದುಡಿತು. ಹೊರಗಿನ ಬಟ್ಟೆ ಸಡಿಲವಾಗಿ ಗುಳ್ಳೆ ಎದ್ದಂತೆ ನಿಂತಿತು, ಒಳಗಿನ ಅಸ್ತರ್ ಬಿಗಿಯಾಗಿತ್ತು. ಇಸ್ತ್ರಿ ಮಾಡಿದರೂ ಕೂರಲಿಲ್ಲ. ಬಗಲಿನಲ್ಲಿ ಸಡಿಲಿಸೋಣವೆಂದು ತಿರುವಿದರೆ ಒಳಗೆ ಬಟ್ಟೆಯೇ ಇಲ್ಲ, ಅರ್ಧ ಇಂಚೂ ಬಿಟ್ಟಿರಲಿಲ್ಲ. ಆ ಅಂಗಡಿಯ ದರ ಎಲ್ಲರಿಗಿಂತ ಕಡಿಮೆ. ಆ ಜಂಪರು ಈಗ ಅಟ್ಟದ ಮೇಲಿದೆ.

ದುರ್ಗದಬೈಲಿನ ದರ್ಜಿ

ಅಸ್ತರನ್ನು ನೀರಿನಲ್ಲಿ ನೆನೆಸದೆ ಕತ್ತರಿಸಿದ್ದಾರೆ. ಹತ್ತಿ ಅಸ್ತರ್ ಮೊದಲ ನೀರಿಗೆ ಕುಗ್ಗುತ್ತದೆ. ರಾತ್ರಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕತ್ತರಿಸಬೇಕು. ಹೊತ್ತು ಹಿಡಿಯುವ ಕೆಲಸ, ಆದ್ದರಿಂದ ಮೊದಲು ಕೈಬಿಡುವುದು ಅದನ್ನೇ. ಎರಡನೆಯದು ಬಗಲಿನ ಒಳಬಟ್ಟೆ. ಎರಡೂ ಕಡೆ ಒಂದೊಂದು ಇಂಚು ಬಿಟ್ಟು, ಮುಖ್ಯ ಹೊಲಿಗೆಯ ಹೊರಗೆ ಇನ್ನೊಂದೆರಡು ಸಾಲು ಹೊಲಿದಿದ್ದರೆ ಮೈ ಬಂದಾಗ ಒಂದು ಸಾಲು ಬಿಚ್ಚಿದರೆ ಸಾಕು. ಅಂಗಡಿಯಿಂದ ಜಂಪರ್ ಒಯ್ಯುವಾಗ ತಿರುವಿ ಬಗಲು ನೋಡಿಕೊಳ್ಳಿ, ಅಸ್ತರ್ ನೆನೆಸಿದ್ದೀರಾ ಎಂದು ಬಟ್ಟೆ ಕೊಡುವಾಗಲೇ ಕೇಳಿ.

ತಂಗೀ, ನೀವು ನೆನೆಸುತ್ತೀರಿ ಎಂದಾದರೆ ಫಲಕದಲ್ಲಿ ಒಂದು ಸಾಲು ಬರೆಯಿರಿ. ದರ ಏರಿತು ಎಂಬುದರ ಜೊತೆಗೆ ಯಾವುದು ಮೊದಲಿನಂತೆಯೇ ಇರುತ್ತದೆ ಎಂಬುದೂ ಗೊತ್ತಾಗಲಿ.

ಎಲ್ಲ ದರಗಳನ್ನೂ ಒಂದೇ ಅಳತೆಯಲ್ಲಿ ಏರಿಸಬೇಡಿ. ಅಸ್ತರ್ ಇಲ್ಲದ ಜಂಪರಿನ ಲೆಕ್ಕ ಬೇರೆ ಹಾಕಿ.

ಬೆಟಗೇರಿ ಹೊಲಿಗೆಯವಳು

ಹಾಕಿದೆ. ಅಸ್ತರ್ ಇಲ್ಲದ್ದಕ್ಕೆ ಖರ್ಚು 110 ಇದ್ದದ್ದು 135 ಆಗುತ್ತದೆ. 175 ಮಾಡಿದರೆ ಮೊದಲಿನಂತೆ ನಲವತ್ತು ಉಳಿಯುತ್ತದೆ. ಫಾಲ್-ಪಿಕೋ ನಾನೇ ಮಾಡುವುದರಿಂದ ಅದನ್ನು ಮುಟ್ಟುವುದಿಲ್ಲ. ಅಸ್ತರನ್ನು ನಾನು ಯಾವಾಗಲೂ ನೆನೆಸಿಯೇ ಕತ್ತರಿಸುತ್ತೇನೆ, ಬಗಲಿನಲ್ಲಿ ಇಂಚು ಬಟ್ಟೆ ಬಿಡುತ್ತೇನೆ. ಅದನ್ನು ಬರೆಯಬೇಕೆಂದು ಹೊಳೆದೇ ಇರಲಿಲ್ಲ.

ಈಗ ಬರೆದದ್ದು ಹೀಗಿದೆ:

"ನಮ್ಮ ಗಿರಾಕಿಗಳಿಗೆ ನಮಸ್ಕಾರ. ಆಗಸ್ಟ್ 13, ಗುರುವಾರ, ಶ್ರಾವಣದ ಮೊದಲ ದಿನದಿಂದ ಹೊಲಿಗೆ ದರ ಹೀಗಿರುತ್ತದೆ:

ಅಸ್ತರ್ ಜಂಪರ್: 300 ಇದ್ದದ್ದು 360
ಅಸ್ತರ್ ನೀವೇ ತಂದರೆ: 250 ಇದ್ದದ್ದು 300
ಅಸ್ತರ್ ಇಲ್ಲದ ಜಂಪರ್: 150 ಇದ್ದದ್ದು 175
ಫಾಲ್-ಪಿಕೋ: ಮೊದಲಿನ ದರವೇ

ಮೂರು ವರ್ಷದ ನಂತರ ದರ ಏರಿಸುತ್ತಿದ್ದೇವೆ. ಏರಿಕೆಯ ಹೆಚ್ಚಿನ ಪಾಲು ಹೊಲಿಯುವ ಮತ್ತು ಹುಕ್ಕು ಹಚ್ಚುವ ಹೆಣ್ಣುಮಕ್ಕಳ ಮಜೂರಿಗೆ ಹೋಗುತ್ತದೆ. ಆಗಸ್ಟ್ 12, ನಾಗರ ಅಮಾವಾಸ್ಯೆಯೊಳಗೆ ಬಟ್ಟೆ, ಅಳತೆ ಮತ್ತು ಅರ್ಧ ಮುಂಗಡ ಕೊಟ್ಟವರಿಗೆ ಹಳೆಯ ದರ. ಚೀಟಿಯಲ್ಲಿ ಬರೆದ ದರವೇ ಕೊನೆಯದು. ಬಟ್ಟೆ ಬಂದ ಸರತಿಯಂತೆ ಹೊಲಿದು ಕೊಡುತ್ತೇವೆ. ಪಂಚಮಿಗೆ ಬೇಕಾದವರು ಆಗಸ್ಟ್ 3ರೊಳಗೆ ಕೊಡಿ.

ಅಸ್ತರ್ ನೆನೆಸಿ ಕತ್ತರಿಸುವುದು, ಬಗಲಿನಲ್ಲಿ ಒಂದು ಇಂಚು ಬಟ್ಟೆ ಬಿಡುವುದು, ಹದಿನೈದು ದಿನದೊಳಗೆ ಫಿಟಿಂಗ್ ಸರಿಪಡಿಸಲು ದುಡ್ಡು ತೆಗೆದುಕೊಳ್ಳದಿರುವುದು ಮೊದಲಿನಂತೆಯೇ ಇರುತ್ತದೆ. ದರದ ಬಗ್ಗೆ ಏನಾದರೂ ಕೇಳಬೇಕಿದ್ದರೆ ನನ್ನನ್ನೇ ಕೇಳಿ."

ಮುಳಗುಂದ ನಾಕಾ

ಇದನ್ನು ಓದಿದರೆ ನಾನು ಬಟ್ಟೆ ಕೊಡುತ್ತೇನೆ. ಒಂದೇ ತಕರಾರು. ನಿಮ್ಮ ಅಸ್ತರ್ 65 ರೂಪಾಯಿಯದು. 360ರಲ್ಲಿ 65 ಕಳೆದರೆ 295. ಅಸ್ತರ್ ತಂದವರಿಗೆ 300 ಏಕೆ? ಬಡವರು ಮ್ಯಾಚಿಂಗ್ ಸೆಂಟರಿಗೆ ಹೋಗಿ ಅಸ್ತರ್ ತರುವುದೇ ನಾಲ್ಕು ದುಡ್ಡು ಉಳಿಸಲು.

ಬೆಟಗೇರಿ ಹೊಲಿಗೆಯವಳು

ಅವರು ತಂದ ಅಸ್ತರನ್ನೂ ನಾನೇ ನೆನೆಸಿ ಒಣಗಿಸಬೇಕು, ಅದು ಬಣ್ಣ ಬಿಡುತ್ತದೆಯೇ ಎಂದು ಬೇರೆ ಬಕೆಟ್ಟಿನಲ್ಲಿ ನೋಡಬೇಕು. ನಾನು ಐದು ಮೀಟರನ್ನು ಒಮ್ಮೆಗೇ ನೆನೆಸುವವಳು. ಆದರೂ ನಿಮ್ಮ ಮಾತು ಬಿಡುವಂತಿಲ್ಲ. ಮನೆಯಲ್ಲಿ ನೆನೆಸಿ ತಂದರೆ 295, ಹಾಗೆಯೇ ತಂದರೆ 300 ಎಂದು ಬರೆಯುತ್ತೇನೆ.

ಧಾರವಾಡದ ಹುಡುಗ

ಫಲಕವನ್ನು ಅಂಗಡಿಯಲ್ಲಿ ಹಾಕುವುದಕ್ಕೂ ಮೊದಲು ಹಳೆಯ ಗಿರಾಕಿಗಳ ಮೊಬೈಲಿಗೆ ಇದನ್ನೇ ಕಳುಹಿಸಿ. ಅಳತೆ ಪುಸ್ತಕದಲ್ಲಿ ನಂಬರ್ ಇರುತ್ತದಲ್ಲ. ನಮ್ಮ ಅವ್ವನಿಗೆ ಗೋಡೆಯ ಮೇಲಿನ ಅಕ್ಷರ ಕಾಣುವುದಿಲ್ಲ, ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ಓದುತ್ತಾಳೆ. ಜಿಎಸ್‌ಟಿಯ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ದುರ್ಗದಬೈಲಿನ ದರ್ಜಿ

ಕಳುಹಿಸಿ, ಆದರೆ ಒಂದೇ ಸಲ. ಕಣ್ಣು ಕಾಣದವರಿಗೆ, ಓದು ಬಾರದವರಿಗೆ ಬಟ್ಟೆ ಕೊಡುವ ಹೊತ್ತಿನಲ್ಲಿ ಬಾಯಿಂದ ಹೇಳಿ. ಬಾಗಿಲಿನಲ್ಲಿ ಫಲಕ ಇತ್ತಲ್ಲ ಎಂದು ಆಮೇಲೆ ಹೇಳಬಾರದು.

ಲೆಕ್ಕದ ಕಾಕಾ

ನನಗೆ ಈಗಲೂ 350ರ ಮೇಲೆ ಮನಸ್ಸು. ಅದಿರಲಿ. ತೀರಾ ಬಡ ಮುದುಕಿಯರು ಇರುತ್ತಾರೆ, ಅಸ್ತರ್ ಇಲ್ಲದ ಜಂಪರನ್ನೇ ವರ್ಷಕ್ಕೆ ಎರಡು ಹೊಲಿಸುವವರು. ಅವರಿಗೂ 175 ಎನ್ನುತ್ತೀರಾ?

ಬೆಟಗೇರಿ ಹೊಲಿಗೆಯವಳು

ಕಾಕಾ, ಅಂತಹವರು ನನ್ನಲ್ಲಿ ನಾಲ್ಕೈದು ಜನ ಇದ್ದಾರೆ. ಎಲ್ಲರಿಗೂ ಒಂದೇ ದರ ಎಂದು ಅಣ್ಣಾವರು ಹೇಳಿದ್ದು ಸರಿ ಎನಿಸುತ್ತದೆ, ಅವರ ಮುಖ ನೋಡಿದರೆ ಆಗುವುದಿಲ್ಲ ಎನಿಸುತ್ತದೆ. ಚೀಟಿಯಲ್ಲಿ 175 ಬರೆದು, ಉಳಿದ ಇಪ್ಪತ್ತೈದನ್ನು ನನ್ನ ಪಾಲಿನಿಂದ ಬಿಟ್ಟುಕೊಡಬಹುದೇನೋ. ಇನ್ನೂ ಗಟ್ಟಿ ಮಾಡಿಲ್ಲ.

ಹುಕ್ಕು ಹಚ್ಚುವವಳು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಹಾನಗಲ್ ಕಡೆಯವಳು, ಮನೆಯಲ್ಲೇ ಕುಳಿತು ಎರಡು ಅಂಗಡಿಗಳ ಹುಕ್ಕು-ಹೆಮ್ಮಿಂಗ್ ಮಾಡುತ್ತೇನೆ. ಒಂದು ಜಂಪರಿಗೆ ಆರು ಹುಕ್ಕು, ಎದುರಿಗೆ ದಾರದಿಂದ ಹೆಣೆದ ಆರು ಕುಣಿಕೆ, ಕೊರಳ ಸುತ್ತ, ಎರಡು ತೋಳು, ಕೆಳಗಿನ ಪಟ್ಟಿ. ಮೇಲೆ ಹೊಲಿಗೆ ಕಾಣಬಾರದು, ಒಂದೊಂದೇ ಎಳೆ ಹಿಡಿಯಬೇಕು. ಕೈ ಓಡಿದರೂ ಮುಕ್ಕಾಲು ತಾಸು ಬೇಕು. ಕಪ್ಪು ಬಟ್ಟೆಯಾದರೆ ರಾತ್ರಿ ಮಾಡಲು ಬರುವುದಿಲ್ಲ.

ಫಲಕದಲ್ಲಿ ಹೊಲಿಯುವವರು ಮತ್ತು ಹುಕ್ಕು ಹಚ್ಚುವವರ ಮಜೂರಿ ಎಂದು ಸೇರಿಸಿ ಬರೆದಿದ್ದೀರಿ. ಹೊಲಿಯುವವರಿಗೆ ಏರಿದ್ದು ಮೂವತ್ತು, ಹುಕ್ಕಿನವರಿಗೆ ಐದು. ನಮ್ಮ ಹೆಸರು ಹೇಳಿ ಗಿರಾಕಿಯಿಂದ ಅರವತ್ತು ಕೇಳುವುದಾದರೆ ನಮಗೆ ಹತ್ತಾದರೂ ಬರಬೇಡವೇ ಅಕ್ಕಾ?

ದುರ್ಗದಬೈಲಿನ ದರ್ಜಿ

ಈ ತಾಯಿ ಹೇಳಿದ್ದಕ್ಕೆ ನನ್ನ ಬಳಿ ಉತ್ತರ ಇಲ್ಲ. ಹುಬ್ಬಳ್ಳಿಯಲ್ಲೂ ಹೀಗೆಯೇ ಇದೆ. ಯಂತ್ರದ ಮೇಲೆ ಕೂರುವವರು ಬಿಟ್ಟುಹೋಗುತ್ತೇನೆ ಎಂದರೆ ಹೆದರುತ್ತೇವೆ, ಮನೆಯಲ್ಲಿ ಕುಳಿತವರು ಎಲ್ಲಿಗೆ ಹೋಗುತ್ತಾರೆ ಎಂದುಕೊಳ್ಳುತ್ತೇವೆ.

ಬೆಟಗೇರಿ ಹೊಲಿಗೆಯವಳು

ತಂಗೀ, ನಿಮ್ಮ ಮಾತು ತಟ್ಟಿತು. ಮೂವತ್ತೈದು ಕೊಟ್ಟರೆ ನನಗೆ ಉಳಿಯುವುದು 52, ಅಂದರೆ ಮೂರು ವರ್ಷದ ನಂತರ ಎರಡು ರೂಪಾಯಿ ಹೆಚ್ಚು. 365 ಎಂದು ಬರೆಯಲು ಧೈರ್ಯ ಸಾಲದು. ಫಲಕ ನಾಳೆ ಬರೆಯಿಸಲು ಕೊಡಬೇಕು. ಸದ್ಯಕ್ಕೆ "ಹುಕ್ಕು ಹಚ್ಚುವ" ಎಂಬುದನ್ನು ತೆಗೆದು "ಹೊಲಿಯುವ ಹೆಣ್ಣುಮಕ್ಕಳ ಮಜೂರಿಗೆ" ಎಂದಷ್ಟೇ ಇಡುತ್ತೇನೆ, ಇಲ್ಲದಿದ್ದರೆ ಸುಳ್ಳು ಹೇಳಿದಂತಾಗುತ್ತದೆ. ನಮ್ಮ ಓಣಿಯ ಅಕ್ಕನ ದರವನ್ನು ದೀಪಾವಳಿ ಮುಗಿದ ಮೇಲೆ ಕುಳಿತು ನೋಡುತ್ತೇನೆ.

ಹುಕ್ಕು ಹಚ್ಚುವವಳು

ನೋಡಿ ಅಕ್ಕಾ. ಆದರೆ ವರ್ಷದ ಹುಕ್ಕಿನ ಕೆಲಸ ಹೆಚ್ಚುಕಡಿಮೆ ದೀಪಾವಳಿಯೊಳಗೇ ಮುಗಿದಿರುತ್ತದೆ.